ಕಥನದಲ್ಲಿ ಕಾಲ ತಪ್ಪದಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವಾಕ್ಯಗಳನ್ನು ಓದುತ್ತೇನೆ, ಕಿವಿಗೊಟ್ಟು ಕೇಳಿ. "ನಾವು ನಿಲ್ದಾಣಕ್ಕೆ ಬಂದಾಗ ರೈಲು ಹೊರಟಿತು." "ನಾವು ನಿಲ್ದಾಣಕ್ಕೆ ಬಂದಾಗ ರೈಲು ಹೊರಟಿತ್ತು." ವ್ಯತ್ಯಾಸ ಒಂದೇ ಒಂದು ಒತ್ತಕ್ಷರದ್ದು. ಮೊದಲನೆಯದರಲ್ಲಿ ರೈಲು ನಮ್ಮ ಕಣ್ಣೆದುರೇ ಚಲಿಸಿತು, ಓಡಿದ್ದರೆ ಹತ್ತಬಹುದಿತ್ತೇನೋ. ಎರಡನೆಯದರಲ್ಲಿ ನಾವು ಕಂಡದ್ದು ಖಾಲಿ ಹಳಿ. ಪ್ರಬಂಧ ಬರೆಯುವ ಮಕ್ಕಳು, ಅಷ್ಟೇಕೆ, ವರದಿ ಬರೆಯುವ ದೊಡ್ಡವರು ಕೂಡ ಎಡವುವುದು ಇಲ್ಲಿಯೇ. ಕ್ರಿಯಾಪದದ ಕೊನೆಯನ್ನು ಕೈಗೆ ಬಂದಂತೆ ಬರೆದುಬಿಡುತ್ತಾರೆ. ಆಗ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದೇ ಓದುವವರಿಗೆ ತಿಳಿಯದೆ ಹೋಗುತ್ತದೆ.

ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಉಪ್ಪಿನ ಸತ್ಯಾಗ್ರಹದ ಬಗ್ಗೆ ಹೈಸ್ಕೂಲು ವಿದ್ಯಾರ್ಥಿಯೊಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ:

"1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ಹೊರಟರು. ಅದಕ್ಕೆ ಮೊದಲು ವೈಸ್‌ರಾಯ್ ಇರ್ವಿನ್ ಅವರಿಗೆ ಪತ್ರ ಬರೆಯುತ್ತಾರೆ. ಜೊತೆಯಲ್ಲಿ ಹೊರಟವರಲ್ಲಿ ಕರ್ನಾಟಕದ ಮೈಲಾರ ಮಹಾದೇವಪ್ಪನವರೂ ಇದ್ದರು. ದಾರಿಯ ಹಳ್ಳಿಗಳಲ್ಲಿ ಸಭೆ ನಡೆಸುತ್ತಾರೆ. ಏಪ್ರಿಲ್ 5ರಂದು ದಂಡಿಯನ್ನು ತಲುಪಿದ್ದರು. ನಾಳೆ ಬೆಳಿಗ್ಗೆ ಉಪ್ಪನ್ನು ಎತ್ತಿ ಕಾನೂನು ಮುರಿಯುತ್ತಾರೆ. ದಂಡಿ ಗುಜರಾತಿನ ಕಡಲತೀರದಲ್ಲಿದೆ."

ಇಸವಿ, ತಾರೀಖು, ಹೆಸರು ಎಲ್ಲ ಸರಿಯಾಗಿವೆ. ಆದರೂ ಓದುತ್ತಾ ಹೋದರೆ ಮುಗ್ಗರಿಸಿದಂತಾಗುತ್ತದೆ. ಈಗ ವಾಕ್ಯಗಳ ಕೊನೆಯ ಕ್ರಿಯಾಪದಗಳನ್ನು ಮಾತ್ರ ಹೆಕ್ಕಿ ಓದುತ್ತೇನೆ: ಹೊರಟರು, ಬರೆಯುತ್ತಾರೆ, ಇದ್ದರು, ನಡೆಸುತ್ತಾರೆ, ತಲುಪಿದ್ದರು, ಮುರಿಯುತ್ತಾರೆ, ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಯಲ್ಲೇ ಬಂದು ಕೂರುವುದರಿಂದ ಈ ಪರೀಕ್ಷೆ ಬಲು ಸುಲಭ. ಪೆನ್ಸಿಲಿನಿಂದ ಪೂರ್ಣವಿರಾಮದ ಹಿಂದಿನ ಪದಕ್ಕೆ ಗೆರೆ ಎಳೆದು, ಅಷ್ಟನ್ನೇ ಗಟ್ಟಿಯಾಗಿ ಓದಿಕೊಂಡರೆ ಸಾಕು, ಎಲ್ಲಿ ಕೆಟ್ಟಿದೆ ಎಂಬುದು ಕಿವಿಗೇ ಗೊತ್ತಾಗುತ್ತದೆ.

ತಿದ್ದುವುದು ಹೇಗೆ? ಎಲ್ಲವನ್ನೂ "ಹೊರಟರು, ಬರೆದರು, ನಡೆಸಿದರು" ಎಂದು ಒಂದೇ ಅಚ್ಚಿಗೆ ಹಾಕಿದರೆ ತಪ್ಪೇನೋ ಕಡಿಮೆಯಾಗುತ್ತದೆ, ಆದರೆ ಬರಹ ಚಪ್ಪಟೆಯಾಗುತ್ತದೆ. ಬರೆಯುವವರು ಮೊದಲು ಒಂದು ನೆಲೆ ಹಿಡಿಯಬೇಕು. ಇಲ್ಲಿ ಆ ನೆಲೆ ಭೂತಕಾಲ: ಹೊರಟರು, ತಲುಪಿದರು, ಮುರಿದರು. ಒಂದಾದ ಮೇಲೊಂದು ನಡೆದ ಮುಖ್ಯ ಘಟನೆಗಳಿಗೆಲ್ಲ ಇದೇ ರೂಪ. ಪತ್ರ ಬರೆದದ್ದು ಹೊರಡುವುದಕ್ಕೂ ಮೊದಲು, ಮಾರ್ಚ್ 2ರಂದು. ಕಥೆ ಒಂದು ಹೆಜ್ಜೆ ಹಿಂದಕ್ಕೆ ಹೋಯಿತಲ್ಲ, ಅದಕ್ಕೇ ಅದು "ಬರೆದಿದ್ದರು" ಆಗಬೇಕು. ಸಭೆ ನಡೆಸಿದ್ದು ಒಂದು ಸಲವಲ್ಲ, ಮೂರು ವಾರಕ್ಕೂ ಮೀರಿದ ನಡಿಗೆಯಲ್ಲಿ ಊರಿಂದೂರಿಗೆ ಮತ್ತೆ ಮತ್ತೆ. ಹಾಗಾಗಿ "ನಡೆಸುತ್ತಿದ್ದರು". ದಂಡಿಯನ್ನು ತಲುಪಿದ್ದು ಸರಣಿಯ ಮುಂದಿನ ಘಟನೆಯೇ ಹೊರತು ಹಿಂದಿನದಲ್ಲ, ಆದ್ದರಿಂದ "ತಲುಪಿದ್ದರು" ಬೇಡ, "ತಲುಪಿದರು" ಸಾಕು. "ನಾಳೆ ಬೆಳಿಗ್ಗೆ" ಎಂಬುದು ನಮ್ಮ ನಾಳೆಯಾಗಿಬಿಡುತ್ತದೆ. ಅಲ್ಲಿ ಬೇಕಾದದ್ದು "ಮರುದಿನ ಬೆಳಿಗ್ಗೆ". ಇನ್ನು ಕೊನೆಯ ವಾಕ್ಯ. ದಂಡಿ ಅಂದೂ ಅಲ್ಲೇ ಇತ್ತು, ಇಂದೂ ಅಲ್ಲೇ ಇದೆ. ಅದನ್ನು ಮುಟ್ಟಬೇಕಾಗಿಲ್ಲ. ಕಾಲ ಒಂದೇ ಆಗಿರಬೇಕೆಂದು ಹೇಳಿಕೊಟ್ಟರೆ "ದಂಡಿ ಕಡಲತೀರದಲ್ಲಿತ್ತು" ಎಂದು ತಿದ್ದುವ ಮಕ್ಕಳಿದ್ದಾರೆ. ಊರೇ ಮುಳುಗಿಹೋಯಿತೇ ಎಂದು ಓದುವವರು ಗಾಬರಿಯಾಗಬೇಕು!

ಇದನ್ನೇ ವರ್ತಮಾನದಲ್ಲಿ ಹೇಳಬಾರದೇ ಎಂದು ಕೇಳಬಹುದು. ಖಂಡಿತ ಹೇಳಬಹುದು. "1930ರ ಮಾರ್ಚ್ 12. ಗಾಂಧೀಜಿ ಆಶ್ರಮದಿಂದ ಹೊರಡುತ್ತಾರೆ." ಸಾಕ್ಷ್ಯಚಿತ್ರದ ನಿರೂಪಣೆ ಹೀಗೆಯೇ ಇರುತ್ತದೆ. ಒಂದು ಕಾಲದ ಜಾಗದಲ್ಲಿ ಇನ್ನೊಂದನ್ನು ಬಳಸುವುದಕ್ಕೆ ನಮ್ಮ ವ್ಯಾಕರಣದಲ್ಲಿ ಕಾಲಪಲ್ಲಟ ಎಂಬ ಹೆಸರೇ ಇದೆ. ಆದರೆ ನೆಲೆ ಬದಲಾದರೆ ಪರಿವಾರವೆಲ್ಲ ಜೊತೆಗೇ ಹೊರಡಬೇಕು. "ಹೊರಡುತ್ತಾರೆ" ಎಂದ ಮೇಲೆ ಪತ್ರವನ್ನು "ಬರೆದಿದ್ದರು" ಎನ್ನುವಂತಿಲ್ಲ, "ಬರೆದಿದ್ದಾರೆ" ಎನ್ನಬೇಕು. ಮಹಾದೇವಪ್ಪನವರು "ಇದ್ದಾರೆ". ಸಭೆ ನಡೆಸುತ್ತಾ "ಸಾಗುತ್ತಾರೆ". ಹೊರಟರು ಎಂದರೆ ಬರೆದಿದ್ದರು, ಹೊರಡುತ್ತಾರೆ ಎಂದರೆ ಬರೆದಿದ್ದಾರೆ: ಈ ಜೋಡಿಗಳು ಬಾಯಿಗೆ ಬಂದುಬಿಟ್ಟರೆ ಅರ್ಧ ಕೆಲಸ ಆದಂತೆ. ಪ್ರಬಂಧಕ್ಕೆ ನನ್ನ ಆಯ್ಕೆ ಭೂತಕಾಲವೇ. ವರ್ತಮಾನವನ್ನು ಮೂರು ಪುಟದವರೆಗೆ ಜಾರದಂತೆ ಹಿಡಿದುಕೊಂಡು ಹೋಗುವುದು ಅಭ್ಯಾಸವಿಲ್ಲದವರಿಗೆ ಕಷ್ಟ.

ಜಾರುವುದು ಹೆಚ್ಚಾಗಿ ಯಾವಾಗ ಗೊತ್ತೇ? ಘಟನೆ ರೋಚಕವಾದಾಗ. "ಬಾಗಿಲು ತಳ್ಳಿದೆ. ಒಳಗೆ ಹೋದೆ. ನೋಡುತ್ತೇನೆ, ಪೆಟ್ಟಿಗೆ ತೆರೆದು ಬಿದ್ದಿದೆ!" ಜಗಲಿಯಲ್ಲಿ ಕುಳಿತು ಕಥೆ ಹೇಳುವವರು ಹೀಗೆಯೇ ಹೇಳುತ್ತಾರೆ, ಕೇಳುವುದಕ್ಕೆ ಸೊಗಸಾಗಿಯೂ ಇರುತ್ತದೆ. ಬರಹದಲ್ಲೂ ಒಂದು ಕಡೆ ಬಂದರೆ ಅಡ್ಡಿಯಿಲ್ಲ. ಆದರೆ ಮುಂದಿನ ವಾಕ್ಯದಲ್ಲಿ "ಕೂಗಿಕೊಂಡೆ" ಎಂದು ಮೊದಲಿನ ನೆಲೆಗೆ ಮರಳಲೇಬೇಕು. ಮರಳುವುದನ್ನು ಮರೆತರೆ ಉಳಿದ ಪುಟವೆಲ್ಲ ಹೊಯ್ದಾಡುತ್ತದೆ.

ಕನ್ನಡ ನಮಗೆ ಒಂದು ದೊಡ್ಡ ಅನುಕೂಲವನ್ನೂ ಕೊಟ್ಟಿದೆ. "ಎದ್ದು, ಮುಖ ತೊಳೆದು, ಕಾಫಿ ಕುಡಿದು ಹೊರಟೆ" ಎಂಬಲ್ಲಿ ಕಾಲವನ್ನು ಹೊತ್ತಿರುವುದು "ಹೊರಟೆ" ಒಂದೇ. "ಹೊರಡುತ್ತೇನೆ" ಎಂದು ಬದಲಿಸಿ ನೋಡಿ, ಎದ್ದು, ತೊಳೆದು, ಕುಡಿದು ಮೂರೂ ಅಲುಗಾಡುವುದಿಲ್ಲ. ಹಾಗೆಯೇ "ನಾನು ಬರುವ ದಾರಿಯಲ್ಲಿ ಮರ ಬಿದ್ದಿತ್ತು" ಎಂಬಲ್ಲಿ "ಬರುವ" ಎಂದಿದೆಯಲ್ಲ, ಭವಿಷ್ಯತ್ತಾಯಿತೇ ಎಂದು ಅನುಮಾನ ಪಡಬೇಕಾಗಿಲ್ಲ. ವಾಕ್ಯದ ನಡುವಿನ ಇಂಥ ರೂಪಗಳು ತುದಿಯ ಕ್ರಿಯಾಪದಕ್ಕೆ ಹೊಂದಿಕೊಂಡು ಅರ್ಥ ಕೊಡುತ್ತವೆ.

ಇನ್ನೊಬ್ಬರ ಮಾತನ್ನು ಉದ್ಧರಿಸುವಾಗಲೂ ಹೀಗೆಯೇ. ಇಂಗ್ಲಿಷ್ ವ್ಯಾಕರಣವನ್ನು ಉರು ಹೊಡೆದ ಮಕ್ಕಳು ಅಲ್ಲಿಯ ನಿಯಮವನ್ನು ಇಲ್ಲಿಗೂ ತಂದು, "ಅಪ್ಪ ಮರುದಿನ ಬರುತ್ತಿದ್ದೆ ಎಂದರು" ಎಂದು ಬರೆಯುವುದುಂಟು. ಕನ್ನಡಕ್ಕೆ ಅದು ಬೇಕಿಲ್ಲ. ಅಪ್ಪ ಆಡಿದ ಮಾತು "ನಾಳೆ ಬರುತ್ತೇನೆ" ಎಂದಿದ್ದರೆ, "ಅಪ್ಪ ನಾಳೆ ಬರುತ್ತೇನೆ ಎಂದರು" ಎಂದೇ ಬರೆಯಿರಿ. ಅಥವಾ "ಮರುದಿನ ಬರುವುದಾಗಿ ಹೇಳಿದರು" ಎನ್ನಿ. "ಎಂದು" ಎಂಬ ಪದದ ಹಿಂದಿನ ಮಾತು ಆಡಿದವರದು, ಅದರ ಕಾಲವೂ ಅವರದೇ.

ಕೊನೆಯದಾಗಿ, ಪರೀಕ್ಷೆಯಲ್ಲಿ ಕೇಳುವ ಕಥೆಯ ಸಾರಾಂಶ. ಚರಿತ್ರೆಯ ಘಟನೆ ನಡೆದು ಮುಗಿದದ್ದು. ಕಥೆಯೊಳಗಿನ ಘಟನೆ ಹಾಗಲ್ಲ, ಪುಸ್ತಕ ತೆರೆದಾಗಲೆಲ್ಲ ಮತ್ತೆ ನಡೆಯುವಂಥದ್ದು. ಅದಕ್ಕೇ ವಿಮರ್ಶೆಯಲ್ಲಿ ಸಾಮಾನ್ಯವಾಗಿ ವರ್ತಮಾನವನ್ನು ಬಳಸುತ್ತಾರೆ: "ಅಜ್ಜಿ ಒಂಟಿಯಾಗಿದ್ದಾಳೆ. ಮಗ ಎಂದೋ ಊರು ಬಿಟ್ಟಿದ್ದಾನೆ. ಒಂದು ದಿನ ಅವನಿಂದ ಕಾಗದ ಬರುತ್ತದೆ." ಅದೇ ಉತ್ತರದಲ್ಲಿ ಲೇಖಕರ ಬದುಕಿನ ಮಾತು ಬಂದರೆ ಮಾತ್ರ "ಹುಟ್ಟಿದರು, ಬರೆದರು, ಪ್ರಕಟಿಸಿದರು" ಎಂದಾಗಬೇಕು. ಒಂದೇ ಪುಟದಲ್ಲಿ ಎರಡು ಕಾಲ ಬಂದವಲ್ಲ ಎಂದು ಅಳುಕಬೇಡಿ. ಲೇಖಕರದು ಒಂದು ಪ್ಯಾರಾ, ಅಜ್ಜಿಯದು ಇನ್ನೊಂದು ಪ್ಯಾರಾ ಮಾಡಿ, ಎರಡರಲ್ಲೂ ಪೂರ್ಣವಿರಾಮದ ಹಿಂದಿನ ಪದಗಳನ್ನು ಬೇರೆ ಬೇರೆಯಾಗಿ ಓದಿ ನೋಡಿಕೊಳ್ಳಿ.

ನಮಸ್ಕಾರ.