ಮಗುವಿನ ನಾಡಿ ಎಷ್ಟಿದ್ದರೆ ಸರಿ?

ಕೇಳುಗರಿಗೆ ನಮಸ್ಕಾರ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಮಗುವಿಗೆ ಜ್ವರ ಬಂದರೆ ಅದನ್ನು ತೆಗೆದು ಬೆರಳಿಗೆ ಸಿಕ್ಕಿಸುತ್ತಾರೆ. ಆಮ್ಲಜನಕ 98 ಎಂದು ತೋರಿಸುತ್ತದೆ, ಸಮಾಧಾನವಾಗುತ್ತದೆ. ಅದರ ಕೆಳಗೆ 138 ಎಂದು ಇನ್ನೊಂದು ಅಂಕಿ ಕಾಣುತ್ತದೆ, ಅದು ನಾಡಿ. ದೊಡ್ಡವರಿಗೆ 60ರಿಂದ 100 ಇರಬೇಕೆಂದು ಎಲ್ಲೋ ಕೇಳಿರುತ್ತೇವೆ. ಗಾಬರಿ ಶುರುವಾಗುವುದು ಅಲ್ಲಿಂದಲೇ.

ಆ 60ರಿಂದ 100ರ ಲೆಕ್ಕ ಚಿಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಎಚ್ಚರವಾಗಿರುವ ಹಸುಗೂಸಿನ ಹೃದಯ ನಿಮಿಷಕ್ಕೆ 100ರಿಂದ 180 ಸಲ ಬಡಿದರೂ ಸಹಜವೇ. ಹುಟ್ಟಿದ ದಿನಕ್ಕಿಂತ ಒಂದು ತಿಂಗಳ ಹೊತ್ತಿಗೆ ಬಡಿತ ಸ್ವಲ್ಪ ಏರುತ್ತದೆ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬರುತ್ತದೆ. ಅಂಗನವಾಡಿಗೆ ಹೋಗುವ ವಯಸ್ಸಿಗೆ 80ರಿಂದ 120, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸುಮಾರು 75ರಿಂದ 118. ಹದಿಹರೆಯಕ್ಕೆ ಬಂದಾಗಲೇ ದೊಡ್ಡವರ 60–100ಕ್ಕೆ ಬಂದು ನಿಲ್ಲುವುದು. ನಿದ್ದೆಯಲ್ಲಿ ಎಲ್ಲ ವಯಸ್ಸಿನಲ್ಲೂ ಇದಕ್ಕಿಂತ ಕಡಿಮೆ.

ಕಾರಣ ಸರಳ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರದೂಡುತ್ತದೆ, ಆಗ ತಾನೇ ಹುಟ್ಟಿದ ಮಗುವಿನದು ಸುಮಾರು ಒಂದು ಟೀ ಚಮಚದಷ್ಟು. ಪುಟ್ಟ ಚೊಂಬಿನಲ್ಲಿ ಹಂಡೆ ತುಂಬಿಸುವವರು ಬೇಗಬೇಗ ಮೊಗೆಯಲೇಬೇಕಲ್ಲ! ಎಳೆಯ ಹೃದಯದ ಗೋಡೆ ಹೆಚ್ಚು ಹಿಗ್ಗುವುದೂ ಇಲ್ಲ. ಹಾಗಾಗಿ ಮೈಗೆ ಹೆಚ್ಚು ರಕ್ತ ಬೇಕಾದಾಗ ಅದಕ್ಕಿರುವ ಮುಖ್ಯ ದಾರಿ ವೇಗ ಹೆಚ್ಚಿಸುವುದು. ಹಸುಗೂಸಿನ ನಾಡಿ ತೀರಾ ನಿಧಾನವಾದರೆ ವೈದ್ಯರು ಹೆಚ್ಚು ಹೆದರುವುದು ಇದಕ್ಕೇ.

ಈಗ ಆ 138ಕ್ಕೆ ಬರೋಣ. ಮಗುವಿಗೆ 4 ವರ್ಷ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ಎಂದಿಟ್ಟುಕೊಳ್ಳಿ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್, ಅಂದರೆ ಹೆಚ್ಚುಕಡಿಮೆ ಎರಡು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು 10 ಏರುತ್ತದೆ. ಇಲ್ಲಿ ಜ್ವರ ಏರಿರುವುದು ನಾಲ್ಕೂವರೆ ಡಿಗ್ರಿಯಷ್ಟು, ಅದರ ಪಾಲು 20ರಿಂದ 25 ಬಡಿತ. ಅದನ್ನು ಕಳೆದರೆ 115ರ ಆಸುಪಾಸು ಉಳಿಯುತ್ತದೆ. ನಾಲ್ಕು ವರ್ಷಕ್ಕೆ ಅದು ಸಹಜ. ಅತ್ತು ರಂಪ ಮಾಡಿದ್ದರೆ ಇನ್ನೂ ಇಳಿಸಿಕೊಳ್ಳಬಹುದು.

ಆದರೆ ಇದು ಅಂದಾಜು ಮಾತ್ರ. ಲೆಕ್ಕ ಸರಿಹೋಯಿತೆಂದು ಸುಮ್ಮನಾಗದೆ, ಜ್ವರ ಇಳಿದ ಮೇಲೆ ಮಗು ಮಲಗಿದ್ದಾಗ ಇನ್ನೊಮ್ಮೆ ಎಣಿಸಿ. ಮೈ ತಣ್ಣಗಾದರೂ ನಾಡಿ ಇಳಿಯದೆ, ಮಗು ಮಂಕಾಗಿದ್ದು, ಉಸಿರು ಜೋರಾಗಿ, ಮೂತ್ರ ಕಡಿಮೆಯಾಗಿ, ಕೈಕಾಲು ತಣ್ಣಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನೀರಿನಂಶ ಕಡಿಮೆಯಾಗಿರಬಹುದು, ಸೋಂಕು ರಕ್ತಕ್ಕೆ ಹರಡಿರಬಹುದು.

ಎಣಿಸುವಾಗ ಯಂತ್ರಕ್ಕಿಂತ ಬೆರಳನ್ನು ನಂಬುವವನು ನಾನು. ದೊಡ್ಡವರ ಬೆರಳಿಗೆಂದು ಮಾಡಿದ ಕ್ಲಿಪ್ ಮಗುವಿನ ಬೆರಳಿಗೆ ಸಡಿಲ, ಕೈ ಆಡಿಸಿದರೆ ಸುಳ್ಳು ಅಂಕಿ ಬರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಣಿಕಟ್ಟಿನಲ್ಲಿ ನಾಡಿ ಸಿಗುವುದು ಕಷ್ಟ. ತೋಳಿನ ಒಳಭಾಗದಲ್ಲಿ, ಮೊಣಕೈಗೂ ಭುಜಕ್ಕೂ ನಡುವೆ ಎರಡು ಬೆರಳು ಮೆಲ್ಲಗೆ ಒತ್ತಿ ನೋಡಿ. ಹೆಬ್ಬೆರಳು ಬೇಡ, ಅದರದ್ದೇ ನಾಡಿ ಮಿಡಿದು ದಾರಿ ತಪ್ಪಿಸುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಎರಡು ಬಡಿತ ತಪ್ಪಿದರೂ ಎಂಟರ ವ್ಯತ್ಯಾಸ ಬಂತು. ಉಸಿರು ಒಳಗೆಳೆದಾಗ ನಾಡಿ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಕಾಣಬಹುದು. ಮಕ್ಕಳಲ್ಲಿ ಅದು ಆರೋಗ್ಯದ್ದೇ ಲಕ್ಷಣ.

ಆ ಏರಿಳಿತವೇ ಇಲ್ಲದ ವೇಗದ ಬಗ್ಗೆ ಹುಷಾರಾಗಿರಬೇಕು. ಕೂಸಿನ ನಾಡಿ 220 ದಾಟಿ, ಅತ್ತರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ ಎಂಬಂತೆ ನಿಂತಿದೆ. ಹಾಲು ಕುಡಿಯುತ್ತಿಲ್ಲ, ಬಿಳಿಚಿಕೊಂಡು ಬೆವರುತ್ತಿದೆ. ಇದು ಜ್ವರದ ಓಟವಲ್ಲ, ಹೃದಯದ ವಿದ್ಯುತ್ ದಾರಿಯ ತೊಂದರೆ ಇರಬಹುದು. ದೊಡ್ಡ ಮಕ್ಕಳಲ್ಲಿ ಈ ಗಡಿ 180. ಇಂಥ ಓಟ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುತ್ತದೆ. ಓಟ ನಡೆಯುತ್ತಿರುವಾಗಲೇ ಇಸಿಜಿ ಸಿಕ್ಕರೆ ಕಾರಣ ಹಿಡಿಯುವುದು ಸುಲಭ, ಆದ್ದರಿಂದ ತಕ್ಷಣ ಆಸ್ಪತ್ರೆಗೆ ಹೊರಡಿ.

ಹದಿಹರೆಯದವರ ಮನೆಯಲ್ಲಿ ಚಿಂತೆ ತಿರುಗುಮುರುಗು. ದಿನಾ ಓಡುವ, ಕಬಡ್ಡಿ ಆಡುವ ಹುಡುಗನ ನಾಡಿ ವಿಶ್ರಾಂತಿಯಲ್ಲಿ 52 ಇದ್ದು, ಅವನು ಚೆನ್ನಾಗಿಯೇ ಇದ್ದರೆ, ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತಿದೆ ಎಂದರ್ಥ. ಅದೇ 52, ಆಟವಾಡದ, ತೂಕ ಇಳಿಸಲು ಊಟ ಬಿಡುತ್ತಿರುವ ಹುಡುಗಿಯಲ್ಲಿ ಕಂಡರೆ ಅರ್ಥ ಬೇರೆ. ಆಹಾರ ಸಾಲದೆ ಮೈ ಖರ್ಚು ಕಡಿಮೆ ಮಾಡಿಕೊಳ್ಳುತ್ತಿರಬಹುದು. ನಿಂತಾಗ ತಲೆ ಸುತ್ತು, ಮುಟ್ಟು ತಪ್ಪುವುದು ಜೊತೆಗಿದ್ದರೆ ವೈದ್ಯರಿಗೆ ಊಟದ ಸಂಗತಿಯನ್ನೂ ಮುಚ್ಚಿಡದೆ ಹೇಳಿ. ಇನ್ನು ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬಿದ್ದ ಮಗುವಿಗೆ, ಎದ್ದ ಮೇಲೆ ನಾಡಿ 80 ಇದ್ದರೂ, ಹೃದಯದ ತಪಾಸಣೆ ಆಗುವ ತನಕ ಮೈದಾನ ಬೇಡ.