ದ್ರಾಕ್ಷಿ ಗೊಂಚಲಿನ ನೀರಿನ ಲೆಕ್ಕ

ಈ ಗೊಂಚಲನ್ನು ಸ್ವಲ್ಪ ಬೆಳಕಿಗೆ ಹಿಡಿಯುತ್ತೇನೆ, ಹಿಂದೆ ಕೂತವರಿಗೂ ಕಾಣಲಿ. ಹಣ್ಣಿನ ಮೇಲೆ ಬೂದಿ ಎರಚಿದ ಹಾಗೆ ಒಂದು ಮಂಕು ಬಿಳಿ ಪದರ ಇದೆ, ನೋಡಿ. ಇದನ್ನು ಕಂಡ ಕೂಡಲೇ ‘ಔಷಧಿ ಹೊಡೆದಿದ್ದಾರೆ’ ಎಂದು ಮೂಗು ಮುರಿಯುವವರೇ ಹೆಚ್ಚು. ಹಾಗೆಂದು ಅದನ್ನು ಪಕ್ಕಕ್ಕಿಟ್ಟು, ಫಳಫಳ ಹೊಳೆಯುವ ಇನ್ನೊಂದು ಗೊಂಚಲನ್ನು ಆರಿಸುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡುತ್ತಿದ್ದೆ. ಒಳ್ಳೆಯದನ್ನು ಬಿಟ್ಟು ಹಳೆಯದನ್ನು ಮನೆಗೆ ತರುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ಆ ಬಿಳಿ ಪದರ ಹಣ್ಣು ತಾನೇ ಹೊದ್ದುಕೊಂಡ ಮೇಣ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಚಕ್ಕೆಗಳು ಒಂದರ ಮೇಲೊಂದು ಕೂತಿರುತ್ತವೆ. ಬೆಳಕು ಅವುಗಳಿಗೆ ತಾಗಿ ಚೆದುರುವುದರಿಂದ ನಮಗೆ ಬೂದಿಯ ಹಾಗೆ ಕಾಣುತ್ತದೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು, ಹೊರಗಿನ ನೀರು ಮೇಲೆ ನಿಲ್ಲದೆ ಉರುಳಿ ಹೋಗುವಂತೆ ಮಾಡುವುದು, ಈ ಎರಡೂ ಅದರ ಕೆಲಸ. ಬೆರಳಿನಿಂದ ಒಂದು ಸಲ ಒತ್ತಿ ಸವರಿದರೆ ಪದರ ಅಳಿಸಿ ಕೆಳಗಿನ ಹೊಳಪು ಕಾಣುತ್ತದೆ. ಅಳಿದದ್ದನ್ನು ಕೊಯ್ದ ಹಣ್ಣು ಮತ್ತೆ ಕಟ್ಟಿಕೊಳ್ಳಲಾರದು. ಆದ್ದರಿಂದ ಬೂದಿ ಹಾಗೇ ಇರುವ ಗೊಂಚಲು ಎಂದರೆ ಹೆಚ್ಚು ಕೈ ಬದಲಾಗದ, ಉಜ್ಜಾಡದ ಗೊಂಚಲು. ಹೊಳೆಯುವ ಗೊಂಚಲನ್ನು ಯಾರೋ ಒರೆಸಿರಬೇಕು, ತೊಳೆದಿರಬೇಕು, ಇಲ್ಲವೇ ಅದು ಹಲವು ಪೆಟ್ಟಿಗೆಗಳಲ್ಲಿ ಹೊರಳಾಡಿರಬೇಕು.

ಔಷಧಿಯ ಕಲೆಯೂ ಇರಬಹುದು, ಇಲ್ಲ ಎನ್ನುವುದಿಲ್ಲ. ಅದರ ಗುರುತು ಬೇರೆ. ಮೇಣ ಹಣ್ಣಿನ ಮೇಲೆಲ್ಲ ಒಂದೇ ಸಮ ಹರಡಿರುತ್ತದೆ. ಸಿಂಪಡಿಸಿದ ದ್ರಾವಣ ಒಣಗಿದರೆ ಹನಿಯ ಆಕಾರದ ಚುಕ್ಕೆ ಉಳಿಯುತ್ತದೆ, ಅಥವಾ ಹನಿ ಇಳಿದು ಬಂದು ಹಣ್ಣಿನ ತಳದಲ್ಲಿ ಉಂಗುರದಂತೆ ಗಟ್ಟಿಯಾಗಿರುತ್ತದೆ. ಆದರೆ ಕಣ್ಣಿಗೆ ಕಾಣದ ಅಂಶವೂ ಇರಬಹುದಾದ್ದರಿಂದ, ಬೂದಿ ಇರಲಿ ಬಿಡಲಿ, ತಿನ್ನುವ ಮುಂಚೆ ತೊಳೆಯಲೇಬೇಕು. ಯಾವಾಗ ತೊಳೆಯಬೇಕು ಎನ್ನುವುದಷ್ಟೇ ಪ್ರಶ್ನೆ, ಅದಕ್ಕೆ ಬರುತ್ತೇನೆ.

ಈಗ ದಂಟಿನ ಕಡೆ ನೋಡೋಣ. ನನಗೆ ಒಂದೇ ಒಂದು ಗುರುತು ನೋಡಲು ಬಿಟ್ಟರೆ ಇದನ್ನೇ ನೋಡುತ್ತೇನೆ. ಹಣ್ಣಿಗೆ ದಪ್ಪ ಸಿಪ್ಪೆ ಇದೆ, ಅದರ ಮೇಲೆ ಮೇಣವಿದೆ. ದಂಟಿಗೆ ಅಂಥ ಕಾವಲಿಲ್ಲ, ಜೊತೆಗೆ ತುಂಬಾ ಸಪೂರ. ಹಾಗಾಗಿ ಕೊಯ್ದ ಗಳಿಗೆಯಿಂದ ಮೊದಲು ಒಣಗುವುದು ಅದೇ. ಹಣ್ಣು ಇನ್ನೂ ಗುಂಡಗಿರುವಾಗಲೇ ದಂಟು ಹಸಿರು ಕಳೆದುಕೊಂಡು ಕಂದಾಗುತ್ತದೆ, ಆಮೇಲೆ ಕಡ್ಡಿಯಂತೆ ಪಟ್ಟನೆ ಮುರಿಯುತ್ತದೆ. ಅಂದರೆ ಹಣ್ಣಿಗೆ ನಾಳೆ ಬರುವ ಸ್ಥಿತಿಯನ್ನು ದಂಟು ಇವತ್ತೇ ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರ. ಗೊಂಚಲು ಬಳ್ಳಿಗೆ ಅಂಟಿಕೊಂಡಿದ್ದ ದಪ್ಪ ತುದಿ ಚೆನ್ನಾಗಿ ಬಲಿತ ಗೊಂಚಲಿನಲ್ಲಿ ಕೊಯ್ಯುವ ಮೊದಲೇ ಮರದ ಬಣ್ಣಕ್ಕೆ ತಿರುಗಿರಬಹುದು. ಅದನ್ನು ನೋಡಿ ತೀರ್ಮಾನಿಸಬೇಡಿ. ಪ್ರತಿ ಹಣ್ಣನ್ನು ಹಿಡಿದಿರುವ ಸಣ್ಣ ತೊಟ್ಟು, ಅದು ಕವಲೊಡೆಯುವ ಜಾಗ, ಅಲ್ಲಿ ನೋಡಿ. ಅಲ್ಲಿ ಹಸಿರಿದ್ದು, ಬಗ್ಗಿಸಿದರೆ ಬಾಗುತ್ತಿದ್ದರೆ ಗೊಂಚಲು ಹೊಸದು. ಹಸಿರು ಹೇಳುವುದು ತಾಜಾತನವನ್ನು ಮಾತ್ರ, ಸಿಹಿಯನ್ನಲ್ಲ. ದ್ರಾಕ್ಷಿ ಮಾವು, ಬಾಳೆಯಂತೆ ಕೊಯ್ದ ಮೇಲೆ ಹಣ್ಣಾಗುವ ಜಾತಿಯಲ್ಲ. ಹುಳಿ ಗೊಂಚಲನ್ನು ಒಂದು ವಾರ ಇಟ್ಟರೆ ಒಣಗಿದ ಹುಳಿ ಗೊಂಚಲು ಸಿಗುತ್ತದೆ, ಅಷ್ಟೇ. ಹಸಿರು ಜಾತಿಯಾದರೆ ಹುಲ್ಲುಹಸಿರು ಬಿಟ್ಟು ಸ್ವಲ್ಪ ಹಳದಿಗೆ ತಿರುಗಿದ್ದನ್ನು ಆರಿಸಿ. ಸಾಧ್ಯವಾದರೆ ಗೊಂಚಲಿನ ತುದಿಯ ಹಣ್ಣೊಂದನ್ನು ಕೇಳಿ ರುಚಿ ನೋಡಿ. ಸಾಮಾನ್ಯವಾಗಿ ಕೊನೆಗೆ ಮಾಗುವುದು ತುದಿ, ಅದು ಸಿಹಿಯಿದ್ದರೆ ಮೇಲಿನವು ಸಿಹಿಯಿರುತ್ತವೆ.

ಗಟ್ಟಿತನವನ್ನು ಹಿಂಡಿ ನೋಡಬೇಕಾಗಿಲ್ಲ. ತೊಟ್ಟಿನ ಪಕ್ಕದಲ್ಲಿ ಬೆರಳ ತುದಿಯನ್ನು ಇಟ್ಟು ಮೆಲ್ಲಗೆ ಒತ್ತಿದರೆ ಹಣ್ಣು ಎದುರು ಒತ್ತಬೇಕು. ಸುಕ್ಕು ಮೊದಲು ಕಾಣುವುದೂ ಅಲ್ಲೇ, ತೊಟ್ಟಿನ ಸುತ್ತ ಕಿರಣಗಳಂತೆ ಸಣ್ಣ ಗೆರೆ. ನೂರಕ್ಕೆ ಐದರಷ್ಟು ತೂಕ ನೀರಾಗಿ ಹೋದರೆ ಮೆತ್ತಗಾದದ್ದು ಕೈಗೆ ಗೊತ್ತಾಗುತ್ತದೆ. ಅರ್ಧ ಕಿಲೋ ಗೊಂಚಲಿಗೆ ಅದು 25 ಗ್ರಾಂ, ಎರಡು ದೊಡ್ಡ ಚಮಚಕ್ಕಿಂತ ಕೊಂಚ ಕಡಿಮೆ ನೀರು. ಕೊನೆಯದಾಗಿ ಗೊಂಚಲನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿ. ಒಂದೆರಡು ಉದುರಿದರೆ ಪರವಾಗಿಲ್ಲ, ಉದುರುತ್ತಲೇ ಇದ್ದರೆ ಕೆಳಗಿಟ್ಟುಬಿಡಿ.

ಮನೆಗೆ ತಂದ ಮೇಲೆ ಕೈ ನೇರ ನಲ್ಲಿಗೆ ಹೋಗುತ್ತದೆ. ನಾನು ಒಮ್ಮೆ ಒಂದೇ ಗೊಂಚಲನ್ನು ಕತ್ತರಿಯಿಂದ ಮೂರು ಪಾಲು ಮಾಡಿ ಒಂದೇ ಫ್ರಿಜ್‌ನಲ್ಲಿಟ್ಟೆ. ಮೊದಲನೆಯದನ್ನು ತೊಳೆದು, ನೀರು ಬಸಿದು, ಮುಚ್ಚಳ ಬಿಗಿಯಿರುವ ಡಬ್ಬಿಗೆ ಹಾಕಿದೆ. ಎರಡನೆಯದನ್ನು ತೊಳೆಯದೆ ತಟ್ಟೆಯಲ್ಲಿ ತೆರೆದಿಟ್ಟೆ. ಮೂರನೆಯದನ್ನೂ ತೊಳೆಯಲಿಲ್ಲ, ತೂತುಗಳಿರುವ ಚೀಲದಲ್ಲಿ, ಕೆಳಗೆ ಒಣ ಕಾಗದದ ಟವೆಲ್ ಹಾಸಿ ಇಟ್ಟೆ.

ತಟ್ಟೆಯದು ಸುಕ್ಕಾಯಿತು, ಅದು ನಿರೀಕ್ಷಿಸಿದ್ದೇ. ಫ್ರಿಜ್‌ನ ಗಾಳಿ ಒಣಗಿದ್ದು, ದಂಟಿನಿಂದಲೇ ನೀರನ್ನು ಎಳೆಯುತ್ತದೆ. ಪಾಠ ಕಲಿಸಿದ್ದು ತೊಳೆದ ಪಾಲು. ಹಣ್ಣಿನ ಮೇಲ್ಮೈಯ ನೀರು ಬೇಗ ಆರಿತ್ತು. ಆದರೆ ಹಣ್ಣು ಹಣ್ಣಿನ ನಡುವಿನ ಸಂದಿಯಲ್ಲಿ, ತೊಟ್ಟು ಹಣ್ಣಿಗೆ ಸೇರುವ ಕುಳಿಯಲ್ಲಿ ನೀರು ಹಾಗೇ ನಿಂತಿತ್ತು. ಹಣ್ಣಿನ ಒಳಗೆ ಸಕ್ಕರೆ ತುಂಬಿದ ರಸ, ಹೊರಗೆ ಬರೀ ನೀರು. ಸಕ್ಕರೆ ಇರುವ ಕಡೆಗೆ ನೀರು ಸಿಪ್ಪೆ ದಾಟಿ ಒಳಗೆ ಹೋಗುತ್ತದೆ. ಒಳಗೆ ಒತ್ತಡ ಏರುತ್ತದೆ, ಸಿಪ್ಪೆ ಅಷ್ಟು ಹಿಗ್ಗುವುದಿಲ್ಲ, ತೊಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬಿರುಕಿನಿಂದ ರಸ ಒಸರಿ ಪಕ್ಕದ ಹಣ್ಣಿಗೆ ಅಂಟುತ್ತದೆ, ಅಲ್ಲಿಂದ ಬೂಷ್ಟು ಶುರು. ಬೂದು ಬೂಷ್ಟು ಫ್ರಿಜ್‌ನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಒಂದು ಹಣ್ಣಿನಿಂದ ಮುಟ್ಟಿಕೊಂಡಿರುವ ಹಣ್ಣಿಗೆ ದಾಟುತ್ತದೆ. ಬೆರಳಿಟ್ಟರೆ ಸಿಪ್ಪೆ ಜಾರಿ ಕಳಚಿ ಬರುವುದು ಅದರ ಮೊದಲ ಗುರುತು, ಬೂದು ನವಿರು ಆಮೇಲೆ ಕಾಣುತ್ತದೆ.

ಮೂರನೆಯ ಪಾಲು ಉಳಿದೆರಡು ಪಾಲಿಗಿಂತ ಹೆಚ್ಚು ದಿನ ಚೆನ್ನಾಗಿತ್ತು. ಚೀಲ ನೀರನ್ನು ಬೇಕಾದಷ್ಟೇ ಒಳಗೆ ಉಳಿಸಿಕೊಂಡಿತು, ತೂತುಗಳು ಹನಿಗಟ್ಟಲು ಬಿಡಲಿಲ್ಲ. ಒಳ್ಳೆಯ ಗೊಂಚಲು ಹೀಗೆ ಫ್ರಿಜ್‌ನ ತಣ್ಣಗಿನ ಭಾಗದಲ್ಲಿ ಒಂದು ವಾರ ಸಲೀಸಾಗಿ, ಕೆಲವೊಮ್ಮೆ ಎರಡು ವಾರ ಇರುತ್ತದೆ. ತೀರಾ ಹಿಂದಿನ ಗೋಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಬಹುದು. ಈರುಳ್ಳಿಯ ಪಕ್ಕವೂ ಬೇಡ, ವಾಸನೆ ಹಿಡಿಯುತ್ತದೆ.

ಇಡುವ ಮೊದಲು ಗೊಂಚಲನ್ನು ತಲೆಕೆಳಗು ಮಾಡಿ ಒಳಗೆ ನೋಡಿ, ಒಡೆದದ್ದು, ಮೆತ್ತಗಾದದ್ದು ಇದ್ದರೆ ತೊಟ್ಟಿನ ಸಮೇತ ಕತ್ತರಿಸಿ ತೆಗೆಯಿರಿ. ಕೈಯಿಂದ ಕಿತ್ತರೆ ಹಣ್ಣಿನ ತಿರುಳಿನ ಎಳೆಯೊಂದು ತೊಟ್ಟಿನಲ್ಲೇ ಉಳಿಯುತ್ತದೆ. ಆ ಒದ್ದೆ ತುಂಡು ಬೂಷ್ಟಿಗೆ ಒಳ್ಳೆಯ ನೆಲೆ. ನಾವು ಒಂದೊಂದೇ ಹಣ್ಣನ್ನು ಬಿಡಿಸಿ ತಿಂದು, ಬೋಳು ಕಡ್ಡಿಗಳ ಗೊಂಚಲನ್ನು ಮತ್ತೆ ಫ್ರಿಜ್‌ಗೆ ತಳ್ಳುತ್ತೇವಲ್ಲ, ಅದಕ್ಕೂ ಇದೇ ಮಾತು. ಬೇಕಾದಷ್ಟು ಸಣ್ಣ ಗೊಂಚಲನ್ನು ಕತ್ತರಿಸಿಕೊಳ್ಳಿ, ಉಳಿದದ್ದನ್ನು ತಕ್ಷಣ ಒಳಗಿಡಿ. ಅರ್ಧ ಗಂಟೆ ಹೊರಗಿದ್ದರೆ ತಣ್ಣಗಿನ ಹಣ್ಣಿನ ಮೇಲೆ ಗಾಳಿಯ ತೇವ ಹನಿಯಾಗುತ್ತದೆ, ತೊಳೆಯದೆಯೂ ತೊಳೆದಂತೆಯೇ ಆಗುತ್ತದೆ. ಹಾಗೇನಾದರೂ ಆದರೆ ಒರೆಸಬೇಡಿ, ಮೇಣ ಹೋಗುತ್ತದೆ. ಒಣ ಟವೆಲ್ ಮೇಲೆ ಹರಡಿ, ಫ್ಯಾನ್ ಗಾಳಿಗೆ ಹನಿ ಆರಿದ ಮೇಲೆ ಒಳಗಿಡಿ.

ಕತ್ತರಿಸಿಕೊಂಡ ತುಂಡನ್ನು ಹರಿಯುವ ನೀರಿನ ಕೆಳಗೆ ಹಿಡಿದು, ತಿರುಗಿಸಿ ತಿರುಗಿಸಿ, ಸಂದಿಗೆಲ್ಲ ನೀರು ಹೋಗುವಂತೆ ತೊಳೆಯಿರಿ. ಆಗ ಬೇಕಾದರೆ ಬೆರಳಿನಿಂದ ಉಜ್ಜಿ, ಬೂದಿ ಹೋದರೆ ಹೋಗಲಿ.