ಶಾಲೆ ಕೊಡುವ ರಿಯಾಯಿತಿಯೊಳಗಿನ ಬಡ್ಡಿ

ಕೇಳುಗರಿಗೆಲ್ಲ ನಮಸ್ಕಾರ.

ಮೇ ಕೊನೆ, ಜೂನ್ ಮೊದಲ ವಾರ ಬಂತೆಂದರೆ ಕೊಡಗಿನ ಮನೆಗಳಿಗೆ ಎರಡು ಖರ್ಚು ಒಟ್ಟಿಗೇ ಬರುತ್ತವೆ. ಒಂದು ತೋಟದ್ದು. ಮಳೆ ಹಿಡಿಯುವ ಮೊದಲು ಗೊಬ್ಬರ ಹಾಕಿಸಬೇಕು, ಮರಕಪಾತು ಮುಗಿಸಬೇಕು, ಆಳುಗಳ ಕೂಲಿ ಕೊಡಬೇಕು. ಇನ್ನೊಂದು ಮಕ್ಕಳ ಶಾಲೆಯದು. ಆ ಶಾಲೆಯ ಫೀಸಿನ ಚೀಟಿಯಲ್ಲಿ ಈಗೀಗ ಒಂದು ಸಾಲು ಕಾಣಿಸುತ್ತದೆ: ಇಡೀ ವರ್ಷದ ಫೀಸು ಒಂದೇ ಸಲ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಕಟ್ಟಬೇಕೋ, ಕಂತಿನಲ್ಲೇ ಹೋಗಬೇಕೋ? ಇವತ್ತು ಆ ಒಂದು ಸಾಲಿನ ಲೆಕ್ಕವನ್ನು ನಿಮ್ಮ ಜೊತೆ ಮಾಡಬೇಕು ಅಂತ ಬಂದಿದ್ದೇನೆ. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ.

ಹೆಚ್ಚಿನವರು ಮಾಡುವ ಯೋಚನೆ ಹೀಗಿರುತ್ತದೆ. "ಶಾಲೆ ಕೊಡುವುದು 5. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ವರ್ಷಕ್ಕೆ 7 ಸಿಗುತ್ತದೆ. ಹಾಗಾಗಿ ದುಡ್ಡು ಬ್ಯಾಂಕಿನಲ್ಲೇ ಇರಲಿ, ಕಂತು ಬಂದ ಹಾಗೆ ಕಟ್ಟೋಣ." ಕೇಳಲು ಸರಿಯಾಗಿದೆ ಅಲ್ವಾ? ಆದರೆ ಈ 5 ಮತ್ತು ಆ 7 ಒಂದೇ ಅಳತೆಯವಲ್ಲ. ಠೇವಣಿಯ 7 ಎಂದರೆ ಪೂರ್ತಿ ಹಣ, ಪೂರ್ತಿ ಒಂದು ವರ್ಷ ಇದ್ದಾಗ ಸಿಗುವ ಬಡ್ಡಿ. ಶಾಲೆಗೆ ನೀವು ಮುಂಚಿತವಾಗಿ ಕೊಡುವ ಹಣ ಪೂರ್ತಿ ಫೀಸೂ ಅಲ್ಲ, ಕೊಡುವುದು ಒಂದು ವರ್ಷಕ್ಕೂ ಅಲ್ಲ.

ಲೆಕ್ಕಕ್ಕೆ ಒಂದು ಫೀಸು ಹಿಡಿಯೋಣ. ವರ್ಷಕ್ಕೆ 60,000 ರೂಪಾಯಿ. ನಾಲ್ಕು ಕಂತು, ಒಂದೊಂದು 15,000. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ಹೀಗೆ ಮೂರು ಮೂರು ತಿಂಗಳಿಗೆ ಒಂದು. ಜೂನ್‌ನಲ್ಲೇ ಎಲ್ಲ ಕಟ್ಟಿದರೆ ಶೇಕಡಾ 5, ಅಂದರೆ 3,000 ಕಡಿಮೆ. ಕಟ್ಟಬೇಕಾದದ್ದು 57,000.

ಈಗ ಗಮನಿಸಿ. ಜೂನ್ ಕಂತಿನ 15,000 ಹೇಗಿದ್ದರೂ ಜೂನ್‌ನಲ್ಲೇ ಕೊಡಬೇಕು. ಅದರಲ್ಲಿ ನಿಮಗೆ ಆಯ್ಕೆಯೇ ಇಲ್ಲ. ಅದನ್ನು 57,000ದಿಂದ ಕಳೆಯಿರಿ. ಉಳಿಯುವುದು 42,000. ನಿಮ್ಮ ಆಯ್ಕೆ ಇರುವುದು ಈ 42,000 ರೂಪಾಯಿಯ ಮೇಲೆ ಮಾತ್ರ. ಇದನ್ನು ಈಗಲೇ ಕೊಟ್ಟರೆ, ಮುಂದೆ ಮೂರು ಸಲ 15,000 ಕೊಡುವುದು, ಒಟ್ಟು 45,000, ತಪ್ಪುತ್ತದೆ.

ಅದೇ 42,000ವನ್ನು ಶಾಲೆಗೆ ಕೊಡದೆ ವರ್ಷಕ್ಕೆ ಶೇಕಡಾ 7 ಬಡ್ಡಿ ಬರುವ ಕಡೆ ಇಟ್ಟಿರಿ ಎನ್ನೋಣ. ಮೂರು ತಿಂಗಳಿಗೆ 735 ರೂಪಾಯಿ ಬಡ್ಡಿ ಸೇರಿ 42,735 ಆಗುತ್ತದೆ. ಸೆಪ್ಟೆಂಬರ್ ಕಂತು ಕಟ್ಟಿದರೆ ಉಳಿಯುವುದು 27,735. ಡಿಸೆಂಬರ್ ಹೊತ್ತಿಗೆ ಅದು 28,220. ಕಂತು ಕಟ್ಟಿದ ಮೇಲೆ 13,220. ಮಾರ್ಚ್‌ಗೆ ಅದು ಸುಮಾರು 13,450 ಆಗುತ್ತದೆ. ಆದರೆ ಮಾರ್ಚ್ ಕಂತು 15,000. ಸುಮಾರು 1,550 ರೂಪಾಯಿ ಸಾಲದೆ ಬರುತ್ತದೆ. ಬ್ಯಾಂಕಿನ 7 ಶಾಲೆಯ 5ಕ್ಕೆ ಸೋತಿತು.

ಹಾಗಾದರೆ ಎಷ್ಟು ಬಡ್ಡಿ ಬಂದಿದ್ದರೆ ಮಾರ್ಚ್ ಕಂತಿಗೆ ಸರಿಯಾಗಿ 15,000 ಉಳಿಯುತ್ತಿತ್ತು? ಆ ದರವನ್ನು ಹುಡುಕಿದರೆ ವರ್ಷಕ್ಕೆ ಸುಮಾರು ಶೇಕಡಾ 14 ಬರುತ್ತದೆ. ರಿಯಾಯಿತಿಯೊಳಗೆ ಅಡಗಿರುವ ನಿಜವಾದ ಬಡ್ಡಿದರ ಅದು. ಚೀಟಿಯಲ್ಲಿ 5 ಎಂದು ಇದ್ದರೂ, ಶಾಲೆ ನಿಮ್ಮಿಂದ ಶೇಕಡಾ 14ರ ಬಡ್ಡಿಗೆ ಕೈಸಾಲ ಪಡೆಯುತ್ತಿದೆ ಎಂದೇ ಅರ್ಥ.

ಇದನ್ನು ಮನೆಯಲ್ಲಿ ಮಾಡಲು ಕಂಪ್ಯೂಟರ್ ಬೇಕಿಲ್ಲ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ಹೇಗೆ ಹೇಳುತ್ತೇವೆ? ನೂರಕ್ಕೆ ಒಂದು ರೂಪಾಯಿ, ನೂರಕ್ಕೆ ಎರಡು ರೂಪಾಯಿ, ಅಂದರೆ ತಿಂಗಳಿಗೆ. ಅದೇ ಭಾಷೆಯಲ್ಲಿ ಹೋಗೋಣ. ಉಳಿಯುವ ಹಣ 3,000. ಮುಂಚಿತವಾಗಿ ಕೊಡುವ ಹಣ 42,000. ಮೂರು ಸಾವಿರವನ್ನು ನಲವತ್ತೆರಡು ಸಾವಿರದಿಂದ ಭಾಗಿಸಿದರೆ ನೂರಕ್ಕೆ 7 ರೂಪಾಯಿ 14 ಪೈಸೆ. ಇನ್ನು ಎಷ್ಟು ಕಾಲ ಮುಂಚೆ ಕೊಟ್ಟಿರಿ? ಒಂದು ಕಂತನ್ನು 3 ತಿಂಗಳು ಮುಂಚೆ, ಇನ್ನೊಂದನ್ನು 6, ಮತ್ತೊಂದನ್ನು 9 ತಿಂಗಳು ಮುಂಚೆ. ಸರಾಸರಿ 6 ತಿಂಗಳು. ಆರರಿಂದ ಭಾಗಿಸಿ. ನೂರಕ್ಕೆ ತಿಂಗಳಿಗೆ 1 ರೂಪಾಯಿ 19 ಪೈಸೆ. ಇದು ಒರಟು ಲೆಕ್ಕ, ನಿಜವಾದ ದರ ಒಂದೆರಡು ಪೈಸೆ ಕಡಿಮೆ. ತೀರ್ಮಾನ ಮಾಡಲು ಇಷ್ಟು ಸಾಕು.

ಈ ಒಂದು ರೂಪಾಯಿ 19 ಪೈಸೆಯನ್ನು ನಿಮ್ಮ ಕೈಯಲ್ಲಿರುವ ಹಣದ ಜೊತೆ ಹೋಲಿಸಿ. ಹಣ ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಇದ್ದರೆ ಅದು ತರುವುದು ನೂರಕ್ಕೆ ತಿಂಗಳಿಗೆ 60 ಪೈಸೆ ಆಸುಪಾಸು, ಉಳಿತಾಯ ಖಾತೆಯಲ್ಲಂತೂ ಇನ್ನೂ ಕಡಿಮೆ. ಅದರ ಮೇಲೆ ತೆರಿಗೆಯೂ ಬೀಳಬಹುದು. ಶಾಲೆ ಬಿಟ್ಟುಕೊಟ್ಟ 3,000ಕ್ಕೆ ತೆರಿಗೆ ಇಲ್ಲ, ಅದು ಆದಾಯವಲ್ಲ, ಖರ್ಚು ಕಡಿಮೆಯಾದದ್ದು. ಹಾಗಾಗಿ ಕೈಯಲ್ಲಿ ಹಣ ಇರುವವರಿಗೆ ಈ ರಿಯಾಯಿತಿ ಒಳ್ಳೆಯದೇ. ಆದರೆ ನೂರಕ್ಕೆ ಎರಡು ರೂಪಾಯಿಯ ಕೈಸಾಲ ತಂದು ಇದನ್ನು ಕಟ್ಟಬೇಡಿ. ಎರಡು ರೂಪಾಯಿ ಕೊಟ್ಟು ಒಂದು ರೂಪಾಯಿ ಚಿಲ್ಲರೆ ಪಡೆದಂತಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಶೇಕಡಾ 5 ಎಂಬುದು ಎಲ್ಲ ಶಾಲೆಯಲ್ಲೂ ಒಂದೇ ಬಡ್ಡಿ ಅಲ್ಲ. ಕಂತುಗಳು ಹೇಗಿವೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಅದೇ 60,000 ಫೀಸು, ಅದೇ ಶೇಕಡಾ 5, ಆದರೆ ಎರಡೇ ಕಂತು ಎಂದುಕೊಳ್ಳಿ. ಜೂನ್‌ನಲ್ಲಿ 30,000, ನವೆಂಬರ್‌ನಲ್ಲಿ 30,000. ಒಟ್ಟಿಗೆ ಕಟ್ಟಿದರೆ 57,000. ಜೂನ್ ಕಂತು ಕಳೆದರೆ ನೀವು ಹೆಚ್ಚಿಗೆ ಕೊಡುವುದು 27,000. ಅದೂ ಬರೀ 5 ತಿಂಗಳು ಮುಂಚೆ. ಉಳಿಯುವುದು ಅದೇ 3,000. ಲೆಕ್ಕ ಹಾಕಿ: ನೂರಕ್ಕೆ ತಿಂಗಳಿಗೆ 2 ರೂಪಾಯಿ 22 ಪೈಸೆ. ವರ್ಷಕ್ಕೆ ಶೇಕಡಾ 26ಕ್ಕೂ ಜಾಸ್ತಿ! ಚೀಟಿಯಲ್ಲಿ ಮಾತ್ರ ಎರಡೂ ಕಡೆ ಒಂದೇ ಅಂಕಿ.

ಕಾಫಿ ಬೆಳೆಗಾರರಿಗೆ ಈ ಎರಡನೇ ಲೆಕ್ಕ ತುಂಬಾ ಮುಖ್ಯ. ರೋಬಸ್ಟಾ ಕುಯ್ಯುವುದು ಜನವರಿ, ಫೆಬ್ರವರಿ. ಮಾರಿ ಹಣ ಕೈಗೆ ಬರುವುದು ಆಮೇಲೆ. ಹಾಗಿರುವಾಗ ಜೂನ್ ಮಾತ್ರವಲ್ಲ, ನವೆಂಬರ್ ಕಂತಿಗೂ ಅನೇಕ ಮನೆಗಳಲ್ಲಿ ಸಾಲವೇ ಗತಿ. ಅಂಥವರು ಹೋಲಿಸಬೇಕಾದದ್ದು ಎರಡು ಸಾಲಗಳನ್ನು. ಫೆಬ್ರವರಿಯಲ್ಲಿ ತೀರಿಸುತ್ತೇವೆ ಎಂದಿಟ್ಟುಕೊಳ್ಳೋಣ. ಚಿನ್ನ ಅಡವಿಟ್ಟು ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಜೂನ್‌ನಲ್ಲಿ 27,000 ತಂದರೆ 8 ತಿಂಗಳಿಗೆ 2,160 ಬಡ್ಡಿ. ಒಟ್ಟು 29,160. ಅದರ ಬದಲು ನವೆಂಬರ್‌ನಲ್ಲಿ 30,000 ತಂದರೆ 3 ತಿಂಗಳಿಗೆ 900 ಬಡ್ಡಿ. ಒಟ್ಟು 30,900. ಜೂನ್‌ನಲ್ಲೇ ತಂದು ಕಟ್ಟಿದರೆ 1,740 ಉಳಿತಾಯ. ಸಾಲ ಹೆಚ್ಚು ತಿಂಗಳು ಇದ್ದರೂ ಉಳಿತಾಯ! ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಜೂನ್ ದಾರಿಯಲ್ಲಿ 33,480, ನವೆಂಬರ್ ದಾರಿಯಲ್ಲಿ 32,700. ಬಡ್ಡಿಯನ್ನು ಕೊನೆಗೆ ಒಟ್ಟಿಗೆ ಕೊಡುವ ಈ ಲೆಕ್ಕದಲ್ಲಿ ಗಡಿ ಇರುವುದು ಸುಮಾರು 2 ರೂಪಾಯಿ 38 ಪೈಸೆಯಲ್ಲಿ. ನಿಮಗೆ ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಕ್ಕರೆ ಮೊದಲೇ ಕಟ್ಟಿ, ಹೆಚ್ಚಾದರೆ ಕಂತಿಗೆ ಕಾಯಿರಿ. ಚಿನ್ನ ತೂಗಿ ಬೆಲೆ ಕಟ್ಟುವವರ ಶುಲ್ಕ, ಬ್ಯಾಂಕಿನ ಇತರ ಶುಲ್ಕ ಇದ್ದರೆ ಅದನ್ನೂ ಬಡ್ಡಿಗೆ ಸೇರಿಸಿಕೊಳ್ಳಿ.

ಇನ್ನು ಚೀಟಿಯನ್ನು ಸರಿಯಾಗಿ ಓದುವ ಮಾತು. ರಿಯಾಯಿತಿ ಎಷ್ಟರ ಮೇಲೆ? ಕೆಲವು ಕಡೆ ಅದು ಬೋಧನಾ ಶುಲ್ಕದ ಮೇಲೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಮನೆಗಳು ತೋಟದ ಒಳಗೆ ದೂರ ದೂರ ಇರುವುದರಿಂದ ಶಾಲೆಯ ಬಸ್ಸಿನ ಹಣ ದೊಡ್ಡದಾಗಿಯೇ ಇರುತ್ತದೆ. ನಾಲ್ಕು ಕಂತಿನ ಆ 60,000ದಲ್ಲಿ ಬೋಧನಾ ಶುಲ್ಕ 40,000, ಉಳಿದದ್ದು ಬಸ್ಸು, ಪುಸ್ತಕ ಎಂದುಕೊಳ್ಳಿ. ಶೇಕಡಾ 5 ಎಂದರೆ ಈಗ 2,000 ಮಾತ್ರ. ಆದರೆ ಮುಂಚಿತವಾಗಿ ಕಟ್ಟಬೇಕಾದದ್ದು ಎಲ್ಲವೂ. ಆಗ 1 ರೂಪಾಯಿ 19 ಪೈಸೆ ಇದ್ದದ್ದು ಸುಮಾರು 77 ಪೈಸೆಗೆ ಇಳಿಯುತ್ತದೆ. ಠೇವಣಿಗಿಂತ ಸ್ವಲ್ಪ ಮೇಲು, ಚಿನ್ನದ ಸಾಲ ಮಾಡುವಷ್ಟು ಲಾಭ ಇಲ್ಲ. ಬಸ್ಸಿನ ಹಣವನ್ನು ಬೇರೆಯಾಗಿ ಕಂತಿನಲ್ಲಿ ಕಟ್ಟಬಹುದೇ ಎಂದು ಆಫೀಸಿನಲ್ಲಿ ಕೇಳಿ. ಒಪ್ಪಿದರೆ ಲೆಕ್ಕ ಮತ್ತೆ ನಿಮ್ಮ ಪರವಾಗಿ ತಿರುಗುತ್ತದೆ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗುವ ವಿಷಯ. ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ಮಗು ವರ್ಷವಿಡೀ ಅದೇ ಶಾಲೆಯಲ್ಲಿ ಓದುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬ್ಯಾಂಕು, ಪೊಲೀಸ್, ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವವರಿಗೆ ನಡುವೆ ವರ್ಗವಾಗಬಹುದು. ಮಗುವಿಗೆ ಶಾಲೆ ಒಗ್ಗದೆ ಹೋಗಬಹುದು. ನಾಲ್ಕು ಕಂತಿನ ಶಾಲೆಯಿಂದ ನವೆಂಬರ್ ಕೊನೆಗೆ ಬಿಡಿಸಬೇಕಾಯಿತು ಎನ್ನಿ. ಕಂತಿನಲ್ಲಿ ಹೋಗಿದ್ದರೆ ಅಷ್ಟರಲ್ಲಿ ಕಟ್ಟಿರುತ್ತಿದ್ದದ್ದು 30,000. ಒಟ್ಟಿಗೆ ಕಟ್ಟಿದವರು ಕೊಟ್ಟದ್ದು 57,000. ಶಾಲೆ ಹಿಂದಿರುಗಿಸದಿದ್ದರೆ 27,000 ಹೋಯಿತು. ಎಲ್ಲ ಸರಿಯಿದ್ದರೆ 3,000 ಲಾಭ, ಇಲ್ಲವಾದರೆ 27,000 ನಷ್ಟ. ಹೀಗೆ ಬಿಡಿಸಬೇಕಾಗುವ ಸಂಭವ ಹತ್ತರಲ್ಲಿ ಒಂದು ಪಾಲು ಇದ್ದರೂ ಲಾಭವೆಲ್ಲ ಅಳಿಸಿಹೋಗುತ್ತದೆ. ನಿಮ್ಮ ಮನೆಯಲ್ಲಿ ಆ ಸಂಭವ ಎಷ್ಟು ಎಂದು ನಿಮಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ನಡುವೆ ಟಿ.ಸಿ. ತೆಗೆದುಕೊಂಡರೆ ಉಳಿದ ತಿಂಗಳ ಫೀಸು ವಾಪಸ್ ಬರುತ್ತದೆಯೇ? ಬಾಯಿಮಾತಿನ ಉತ್ತರ ಸಾಲದು. ರಸೀದಿಯ ಹಿಂದೆಯೋ, ಪ್ರವೇಶದ ಅರ್ಜಿಯಲ್ಲೋ ಬರೆದಿರುವುದನ್ನು ತೋರಿಸಲಿ. ವಾಪಸ್ ಇಲ್ಲ ಎಂದು ಬರೆದಿದ್ದು, ವರ್ಗವಾಗುವ ಸೂಚನೆ ನಿಮಗೆ ಇದ್ದರೆ, 3,000 ಹೋದರೂ ಪರವಾಗಿಲ್ಲ, ಕಂತಿನಲ್ಲೇ ಕಟ್ಟಿ. ನಮಸ್ಕಾರ.